ಕ್ಷೇತ್ರ ಸಿಬ್ಬಂದಿಯ ಹಾಜರಾತಿ ಆಪ್: ಸ್ಥಳ ಪರಿಶೀಲನೆ ಎಲ್ಲಿಯವರೆಗೆ?

ಪ್ರಶ್ನೆ, ಚಿಂತಾಮಣಿಯಿಂದ

ನಮ್ಮದು ಹನಿ ನೀರಾವರಿ ಅಳವಡಿಸುವ ಸಣ್ಣ ಸಂಸ್ಥೆ. ಹುಡುಗರು ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗಳಿಗೆ ಹೋಗಿ ಆಪ್‌ನಲ್ಲಿ ಹಾಜರಾತಿ ಹಾಕುತ್ತಾರೆ. ಹಾಜರಾತಿಗೆ ಗೊತ್ತುಪಡಿಸಿದ ಜಾಗದಿಂದ 100 ಮೀಟರ್ ಮಿತಿ ಇಟ್ಟಿದ್ದೇವೆ. ಹಾಲಿನ ಡೈರಿಯ ಒಳಗೆ ನಿಂತವರಿಗೂ ‘ಸ್ಥಳದಿಂದ ಹೊರಗೆ’ ಎಂದು ಬರುತ್ತಿದೆ. ರಾತ್ರಿಯೂ ನಮ್ಮನ್ನು ನೋಡುತ್ತೀರಾ ಎಂದು ಅವರು ಕೇಳುತ್ತಿದ್ದಾರೆ. ಅನುಭವವಿದ್ದವರು ತಿಳಿಸಿ.

ಗೌರಿಬಿದನೂರಿನಿಂದ, ಸಿಬ್ಬಂದಿ ವಿಭಾಗದವರು

ಮಿತಿಯನ್ನು ಸಡಿಲಿಸಬೇಡಿ, 30 ಮೀಟರ್‌ಗೆ ಇಳಿಸಿ. ಮನೆಯಲ್ಲೇ ಕುಳಿತು ಬೇರೆ ಊರಿನ ಸ್ಥಳ ತೋರಿಸುವ ನಕಲಿ ಆಪ್‌ಗಳಿವೆ, ನಮ್ಮಲ್ಲಿ ಸಿಕ್ಕಿಬಿದ್ದವರಿದ್ದಾರೆ. ಎಲ್ಲರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದುಕೊಂಡರೆ ದಿನವಿಡೀ ಸ್ಥಳ ದಾಖಲಿಸಿದರೂ ಕಾನೂನಿನ ತೊಂದರೆ ಬರುವುದಿಲ್ಲ.

ಶ್ರೀನಿವಾಸಪುರದಿಂದ, ಇಂಥ ಆಪ್‌ಗಳನ್ನು ರೂಪಿಸುವವರು

ನಕಲಿ ಸ್ಥಳದ ಮಾತು ನಿಜ. ಆದರೆ ಡೈರಿಯ ಸಮಸ್ಯೆಗೂ ಅದಕ್ಕೂ ಸಂಬಂಧವಿಲ್ಲ, 30 ಮೀಟರ್‌ಗೆ ಇಳಿಸಿದರೆ ಪ್ರಾಮಾಣಿಕರೇ ಹೆಚ್ಚು ಸಿಕ್ಕಿಬೀಳುತ್ತಾರೆ. ಬಯಲಿನಲ್ಲಿ ಫೋನ್ ತನ್ನ ಸ್ಥಳವನ್ನು ಸುಮಾರು ಐದು ಮೀಟರ್ ವ್ಯತ್ಯಾಸದೊಳಗೆ ಹೇಳಬಲ್ಲದು. ತಗಡಿನ ಅಥವಾ ಆರ್‌ಸಿಸಿ ಚಾವಣಿಯ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ಅದು ಮೊಬೈಲ್ ಗೋಪುರವನ್ನು ನಂಬಿ ಅಂದಾಜು ಮಾಡುತ್ತದೆ. ಗೋಪುರಗಳು ದೂರದೂರವಿರುವ ಹಳ್ಳಿಯಲ್ಲಿ ಆ ಅಂದಾಜು ಕಿಲೋಮೀಟರ್‌ಗಟ್ಟಲೆ ತಪ್ಪಬಹುದು. ಎಷ್ಟು ತಪ್ಪಿರಬಹುದು ಎಂಬುದನ್ನೂ ಫೋನ್ ಪ್ರತಿ ಬಾರಿ ಮೀಟರ್‌ಗಳಲ್ಲಿ ತಿಳಿಸುತ್ತದೆ, ಅನೇಕ ಆಪ್‌ಗಳು ಆ ಸಂಖ್ಯೆಯನ್ನು ನೋಡುವುದೇ ಇಲ್ಲ.

ನಿಮ್ಮ ಹುಡುಗ ಡೈರಿಯಿಂದ 380 ಮೀಟರ್ ದೂರದಲ್ಲಿದ್ದಾನೆಂದು ದಾಖಲಾಗಿದೆ ಎಂದುಕೊಳ್ಳಿ. ಜೊತೆಗಿರುವ ವ್ಯತ್ಯಾಸ 12 ಮೀಟರ್ ಆಗಿದ್ದರೆ ಅವನು ಬಹುತೇಕ ಖಂಡಿತವಾಗಿ ಹೊರಗಿದ್ದಾನೆ. ಅದೇ ವ್ಯತ್ಯಾಸ 600 ಮೀಟರ್ ಆಗಿದ್ದರೆ ಅವನು ಡೈರಿಯ ಒಳಗೇ ಇರಬಹುದು, ಆ ದಾಖಲೆಯಿಂದ ಏನನ್ನೂ ತೀರ್ಮಾನಿಸಲಾಗದು. ಹಾಗಾಗಿ ವ್ಯತ್ಯಾಸ 50 ಮೀಟರ್‌ಗಿಂತ ಹೆಚ್ಚಿದ್ದಾಗ ‘ಅಂಗಳಕ್ಕೆ ಬಂದು ಒಂದು ನಿಮಿಷ ನಿಲ್ಲಿ’ ಎಂದು ಆಪ್ ಕೇಳಬೇಕು. ಆಗಲೂ ಸರಿಹೋಗದಿದ್ದರೆ ಗೈರುಹಾಜರಿ ಹಾಕದೆ, ಮೇಲ್ವಿಚಾರಕರು ಪರಿಶೀಲಿಸುವ ಪಟ್ಟಿಗೆ ಕಳುಹಿಸಬೇಕು. ಅಂಗಳದಲ್ಲಿ ನಿಂತರೂ ಒಬ್ಬನಿಗೆ ಮಾತ್ರ ಪ್ರತಿದಿನ ದೊಡ್ಡ ವ್ಯತ್ಯಾಸವೇ ಬರುತ್ತಿದ್ದರೆ ಅವನ ಫೋನಿನ ಸೆಟ್ಟಿಂಗ್ ನೋಡಿ: ಆಂಡ್ರಾಯ್ಡ್ 12ರಿಂದ ಈಚೆಗೆ ನಿಖರ ಸ್ಥಳ ಕೊಡದೆ ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆ ಬಳಕೆದಾರರಿಗಿದೆ.

ಒಪ್ಪಿಗೆ ಪತ್ರದ ವಿಚಾರದಲ್ಲಿ ಗೌರಿಬಿದನೂರಿನವರು ಹೇಳಿದ್ದನ್ನು ನಾನು ಒಪ್ಪಲಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶವಿದೆ, ಆದರೆ ರಾತ್ರಿಯ ಓಡಾಟ ಯಾವ ಉದ್ಯೋಗದ ಉದ್ದೇಶ? ಇನ್ನು ಒಪ್ಪಿಗೆಯನ್ನೇ ಆಧಾರ ಮಾಡಿಕೊಂಡರೆ, ಅದು ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗಷ್ಟೇ ಸೀಮಿತ. ದೂರವಾಣಿ ವೈದ್ಯಕೀಯ ಸೇವೆಯ ಆಪ್ ಒಂದು ಫೋನಿನ ಸಂಪರ್ಕ ಪಟ್ಟಿಗೂ ಒಪ್ಪಿಗೆ ಪಡೆದರೆ ಆ ಪಟ್ಟಿಯ ಮಟ್ಟಿಗೆ ಒಪ್ಪಿಗೆ ಅನ್ವಯಿಸದು ಎಂದು ಕಾಯ್ದೆಯೇ ಉದಾಹರಣೆ ಕೊಟ್ಟಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಹೊಣೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿದೆ. ಅಲ್ಲಿಯವರೆಗೆ ಕಾಯದೆ ಈಗಲೇ ಸರಿಪಡಿಸಿಕೊಳ್ಳಿ.

ಮುಳಬಾಗಿಲಿನಿಂದ, ಸಾಲ ವಸೂಲಿ ಕೆಲಸದವರು

ನಾನು ಆಪ್ ನಡೆಸುವವನಲ್ಲ, ಅದರಲ್ಲಿ ಹಾಜರಾತಿ ಹಾಕುವವನು. ರಜೆಯ ದಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾಗ, ‘ಕೋಲಾರದಲ್ಲೇ ಇದ್ದೀರಲ್ಲ, ಒಂದು ಮನೆಗೆ ಹೋಗಿ ಬನ್ನಿ’ ಎಂದು ಮೇಲ್ವಿಚಾರಕರು ಫೋನ್ ಮಾಡಿದರು. ನಾನು ಎಲ್ಲಿದ್ದೇನೆಂದು ಅವರಿಗೆ ಹೇಳಿರಲಿಲ್ಲ. ಅಂದಿನಿಂದ ಸಂಜೆಯಾದ ಮೇಲೆ ಫೋನಿನ ಸ್ಥಳ ಸೇವೆಯನ್ನೇ ಆರಿಸಿಬಿಡುತ್ತೇನೆ. ಆದರೆ ಪೆಟ್ರೋಲ್ ಭತ್ಯೆಯನ್ನು ಆಪ್ ಎಣಿಸಿದ ಕಿಲೋಮೀಟರ್ ಮೇಲೆ ಕೊಡುವುದರಿಂದ ಹಗಲಿನಲ್ಲಿ ಆರಿಸಿದರೆ ನಷ್ಟ ನನಗೇ. ಇದಕ್ಕೆ ದಾರಿಯಿದೆಯೇ?

ಶ್ರೀನಿವಾಸಪುರದವರು ಮತ್ತೆ

ಸ್ಥಳದ ಅನುಮತಿಯನ್ನು ‘ಆಪ್ ಬಳಸುವಾಗ ಮಾತ್ರ’ ಎಂದು ಇಟ್ಟರೆ, ಮುಚ್ಚಿದ ಆಪ್ ರಾತ್ರಿ ತಾನಾಗಿ ಎದ್ದು ಸ್ಥಳ ನೋಡಲಾರದು. ‘ಯಾವಾಗಲೂ’ ಎಂದು ಇಡದಿದ್ದರೆ ಆಪ್ ನಡೆಯುವುದೇ ಇಲ್ಲ ಎಂದಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಚಿಂತಾಮಣಿಯವರು ಹಾಜರಾತಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಿಂದುವನ್ನಷ್ಟೇ ಪಡೆದು, ಸಂಬಳ ಬಟವಾಡೆಯಾಗಿ ತಕರಾರಿನ ಅವಧಿ ಮುಗಿದ ಮೇಲೆ ಅಕ್ಷಾಂಶ ರೇಖಾಂಶಗಳನ್ನು ಅಳಿಸಿ, ‘ಒಳಗೆ’ ಅಥವಾ ‘ಹೊರಗೆ’ ಎಂಬ ಫಲಿತಾಂಶವನ್ನೂ ಸಮಯವನ್ನೂ ಉಳಿಸಿಕೊಂಡರೆ ಸಾಕು.

ಪೆಟ್ರೋಲ್ ಭತ್ಯೆ ನಿಜಕ್ಕೂ ಕಷ್ಟದ ವಿಷಯ. ಭೇಟಿ ನೀಡಿದ ಹಳ್ಳಿಗಳ ನಡುವಿನ ರಸ್ತೆ ದೂರವನ್ನು ಲೆಕ್ಕ ಹಾಕಿದರೆ ಇಡೀ ದಾರಿಯ ಜಾಡು ಬೇಕಾಗುವುದಿಲ್ಲ, ಆದರೆ ರಸ್ತೆ ಕೆಟ್ಟು ಸುತ್ತಿ ಹೋದವರಿಗೆ ಆ ಲೆಕ್ಕದಲ್ಲಿ ಅನ್ಯಾಯವಾಗುತ್ತದೆ.

ಚಿಂತಾಮಣಿಯವರು

ನಿನ್ನೆಯ ದಾಖಲೆ ತೆಗೆದು ನೋಡಿದೆ. ಡೈರಿಯಲ್ಲಿ ತಿರಸ್ಕೃತವಾದ ಹಾಜರಾತಿಗಳಲ್ಲೆಲ್ಲ ವ್ಯತ್ಯಾಸ 400 ಮೀಟರ್‌ಗಿಂತ ಹೆಚ್ಚಿದೆ. ಅವರಿಗೆ ಕಡಿತ ಮಾಡಿದ್ದ ಅರ್ಧ ದಿನದ ಸಂಬಳವನ್ನು ಹಿಂದಿರುಗಿಸುತ್ತೇವೆ. ನೆಟ್‌ವರ್ಕ್ ಇಲ್ಲದ ಹಳ್ಳಿಗಳಲ್ಲಿ ಹಾಜರಾತಿಯ ಸಮಯವನ್ನು ಫೋನಿನ ಗಡಿಯಾರದಿಂದ ತೆಗೆದುಕೊಳ್ಳುತ್ತಿದ್ದೇವೆ, ಅದನ್ನು ಯಾರು ಬೇಕಾದರೂ ಬದಲಿಸಬಹುದು. ಇದನ್ನು ನಿಭಾಯಿಸಿದವರಿದ್ದರೆ ದಯವಿಟ್ಟು ಬರೆಯಿರಿ.