‘ಸೀಮಾಂತ ದರ’ಕ್ಕೆ ‘ತುದಿದರ’ ಅನ್ನಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೀಮಾಂತ ತೆರಿಗೆ ದರ’ ಅಂತ ಬರೆದರೆ ಓದುವವರಿಗೆ ಗಡಿಯ ತೆರಿಗೆ ಅನ್ನಿಸುತ್ತಿದೆ. ‘ತುದಿದರ’ ನಡೆಯುತ್ತದೆಯೇ? ‘ಪ್ರಗತಿಪರ ತೆರಿಗೆ’ಯೂ ಕಾಡುತ್ತಿದೆ. ತೆರಿಗೆ ಯಾವಾಗ ಪ್ರಗತಿಪರ ಆಯಿತು ಅಂತ ಒಬ್ಬರು ನಕ್ಕರು. ಪಾಠದಲ್ಲಿರುವ ಪಟ್ಟಿ ಇದು: ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, 3ರಿಂದ 6 ಲಕ್ಷದವರೆಗಿನ ಭಾಗಕ್ಕೆ ಶೇ. 10, ಅದರ ಮೇಲಿನದಕ್ಕೆ ಶೇ. 20.

ಉತ್ತರ 1:
‘ಸ್ಲ್ಯಾಬ್ ದರ’ ಅಂದರೆ ಸಾಕಲ್ವಾ? ಆದಾಯ 7.5 ಲಕ್ಷ ಇದ್ದರೆ ಶೇ. 20ರ ಸ್ಲ್ಯಾಬ್, ಒಂದೂವರೆ ಲಕ್ಷ ತೆರಿಗೆ. ಅದಕ್ಕೇ 6 ಲಕ್ಷ ದಾಟಬಾರದು ಅನ್ನೋದು.

ಉತ್ತರ 2:
ಸರ್, ಈ ತಪ್ಪು ಆಗಬಾರದು ಅಂತಲೇ ‘ತುದಿ’ ಬೇಕು. ಶೇ. 20 ಬೀಳುವುದು 6 ಲಕ್ಷದ ಮೇಲಿನ ಒಂದೂವರೆ ಲಕ್ಷಕ್ಕೆ ಮಾತ್ರ, ಅಂದರೆ 30,000. ನಡುವಿನ 3 ಲಕ್ಷಕ್ಕೆ ಇನ್ನೊಂದು 30,000. ಒಟ್ಟು 60,000. ಇದನ್ನು 7.5 ಲಕ್ಷದಿಂದ ಭಾಗಿಸಿದರೆ ಶೇ. 8, ಅದು ಸರಾಸರಿ ದರ. ಇನ್ನೊಂದು ನೂರು ದುಡಿದರೆ ಅದರಲ್ಲಿ 20 ಹೋಗುತ್ತದೆ, ಅದು ತುದಿದರ.

‘ಪ್ರಗತಿಪರ’ ನನಗೂ ಹಿಡಿಸದು. ‘ಏರುತೆರಿಗೆ’ ಅನ್ನಿ. ಆದರೆ ಏರಬೇಕಾದದ್ದು ಸರಾಸರಿ ದರ. ಇದೇ ಪಟ್ಟಿಯಲ್ಲಿ 10 ಲಕ್ಷಕ್ಕೆ 1,10,000 ಆಗುತ್ತದೆ, ಶೇ. 11. ತುದಿದರ 20ರಲ್ಲೇ ನಿಂತಿದೆ, ಸರಾಸರಿ ಮಾತ್ರ ಏರುತ್ತಲೇ ಇದೆ. ಎಲ್ಲ ಆದಾಯಕ್ಕೂ ಒಂದೇ ದರ ಹಾಕಿದರೆ ಎರಡೂ ಒಂದೇ, ಅದು ‘ಸಮದರ ತೆರಿಗೆ’.

ಉತ್ತರ 3:
ನನ್ನ ಬೋನಸ್‌ನಲ್ಲಿ ಶೇ. 20 ಹಿಡಿದುಕೊಂಡರು, ಸಂಬಳದಲ್ಲಿ ಅಷ್ಟು ಹಿಡಿಯುವುದಿಲ್ಲ. ಬೋನಸ್‌ಗೆ ಬೇರೆ ತೆರಿಗೆ ಇದೆಯಾ? ಅದಕ್ಕೆ ಕನ್ನಡದಲ್ಲಿ ಏನಂತಾರೆ?

ಉತ್ತರ 2:
ಈ ಪಟ್ಟಿಯ ಪ್ರಕಾರ ಬೇರೆ ತೆರಿಗೆ ಬೇಕಿಲ್ಲ ಮೇಡಂ. ಬೋನಸ್ ಬಂದು ಕೂರುವುದು ಸಂಬಳದ ತಲೆಯ ಮೇಲೆ. ಹಾಗಾಗಿ ಅದಕ್ಕೆ ತಗಲುವುದು ತುದಿದರ. ಪದಕ್ಕೆ ಒಳ್ಳೆ ಉದಾಹರಣೆ ಕೊಟ್ಟಿರಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಮೂರನೆಯ ಬಗೆಗೆ, ಅಂದರೆ ಆದಾಯ ಏರಿದಂತೆ ಸರಾಸರಿ ದರ ಇಳಿಯುವ ತೆರಿಗೆಗೆ, ‘ಇಳಿತೆರಿಗೆ’?

ಉತ್ತರ 2:
ಅಲ್ಲಿ ಸ್ವಲ್ಪ ಹುಷಾರು. ಕಟ್ಟುವ ಮೊತ್ತವೇ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ತಲೆಗೆ 6,000ದಂತೆ ತೆರಿಗೆ ಹಾಕಿ ನೋಡಿ. 1 ಲಕ್ಷದವರಿಗೆ ಅದು ಶೇ. 6, 6 ಲಕ್ಷದವರಿಗೆ ಶೇ. 1. ಮೊತ್ತ ಅಷ್ಟೇ, ಪಾಲು ಇಳಿಯಿತು. ‘ಇಳಿದರ ತೆರಿಗೆ’ ಅಂದರೆ ವಾಸಿ.

ಉತ್ತರ 1:
ಲೆಕ್ಕ ಒಪ್ಪಿದೆ. ಆದರೆ 6 ಲಕ್ಷದವರೆಗೆ ಮಾತ್ರ 30,000 ರಿಯಾಯಿತಿ ಅಂತ ಇಟ್ಟರೆ? 6 ಲಕ್ಷಕ್ಕೆ ತೆರಿಗೆ ಸೊನ್ನೆ. ನೂರು ಜಾಸ್ತಿ ದುಡಿದೆ, 30,020 ಕಟ್ಟಬೇಕು. ಆಗ ನಾನು ಹೇಳಿದ್ದೇ ಸರಿ ಅಲ್ವಾ?

ಉತ್ತರ 2:
ಆಗ ಸರಿ. ಅದು ಪಟ್ಟಿಯ ಕೆಲಸವಲ್ಲ, ರಿಯಾಯಿತಿ ಒಮ್ಮೆಗೇ ನಿಂತದ್ದರ ಕೆಲಸ. ಆ ನೂರರ ತುದಿದರ ಶೇ. 30,020! ಇದನ್ನು ‘ತುದಿ’ ಅನ್ನೋದೋ ‘ಪ್ರಪಾತ’ ಅನ್ನೋದೋ, ನನಗೆ ಹೊಳೆಯುತ್ತಿಲ್ಲ. ಯಾರಾದರೂ ಹೇಳಿ.