ಅಪ್‌ಡೇಟ್: ಮಗಳ ಡಿಪಿಟಿ ಬೂಸ್ಟರ್ ಮುಗಿಯಿತು

ನನ್ನ ಪ್ರಶ್ನೆ ಹೀಗಿತ್ತು: "ಇಂಜೆಕ್ಷನ್ ಏಕೆ ಬೇಕೆಂದು ಐದು ವರ್ಷದ ಮಗಳಿಗೆ ಹೆದರಿಸದೆ ಹೇಗೆ ಹೇಳಲಿ?"

ನಿನ್ನೆ ಬೆಳಿಗ್ಗೆ ತಲೆ ಬಾಚುತ್ತಾ, "ಪುಟ್ಟಿ, ನಾಯಿಕೆಮ್ಮಿನಂಥ ಕಾಯಿಲೆಯನ್ನು ಗುರುತು ಹಿಡಿದು ಓಡಿಸುವುದನ್ನು ಈ ಔಷಧಿ ನಿನ್ನ ಮೈಗೆ ಕಲಿಸುತ್ತದೆ, ಚುಚ್ಚಿದಾಗ ಸ್ವಲ್ಪ ನೋಯುತ್ತದೆ, ಆದರೆ ಐದು ಎಣಿಸುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತದೆ" ಎಂದೆ. "ನೋಯುವುದೇ ಇಲ್ಲ ಕಂದಾ" ಎಂದು ಅವಳ ಅಜ್ಜಿ ಹೇಳಹೊರಟಾಗ ಮೆಲ್ಲಗೆ ತಡೆದೆ, ಏಕೆಂದರೆ ಆ ಮಾತು ಸುಳ್ಳಾದರೆ ಮುಂದಿನ ಸಲ ಅವಳು ನಮ್ಮನ್ನು ನಂಬುವುದಿಲ್ಲ.

ಲಸಿಕೆ ಹಾಕುವಲ್ಲಿ ಅವಳನ್ನು ಮಲಗಿಸದೆ, ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಅಪ್ಪಿ ಹಿಡಿದೆ. ತೋಳನ್ನು ಸಡಿಲ ಬಿಟ್ಟು, ಸೋಪಿನ ಗುಳ್ಳೆ ಊದುವಂತೆ ನಿಧಾನವಾಗಿ ಉಸಿರು ಬಿಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿದ್ದೆ. ಮೂರನೆಯ ಸಲ ಊದುವಾಗ ಕೆಲಸ ಮುಗಿದಿತ್ತು. ಅತ್ತಳು, ಅಳಬೇಡವೆಂದು ನಾನು ಹೇಳಲಿಲ್ಲ. ರಾತ್ರಿ ತೋಳು ನೋಯುತ್ತಿದೆ ಎಂದವಳು, "ಮೈ ಪಾಠ ಕಲೀತಿದೆಯಾ ಅಮ್ಮಾ?" ಎಂದು ತಾನೇ ಕೇಳಿದಳು.