20 ಗೆರೆಯ ವರ್ನಿಯರ್‌ನಲ್ಲಿ ಲೀಸ್ಟ್ ಕೌಂಟ್ ಮೈನಸ್ ಬರ್ತಿದೆ, ಶಾಫ್ಟ್ ಅಳತೆಯೂ ತಾಳೆ ಆಗ್ತಿಲ್ಲ

ಪಂಪ್‌ಸೆಟ್_ರಿಪೇರಿ

ಮೋಟಾರಿನ ಶಾಫ್ಟ್ ಮೇಲೆ 6204 ಬೇರಿಂಗ್ ಸಡಿಲ ಕೂರ್ತಿದೆ. ಬೇರಿಂಗಿನ ಒಳವ್ಯಾಸ 20 ಮಿ.ಮೀ. ಶಾಫ್ಟ್ ಎಷ್ಟು ಸವೆದಿದೆ ಅಂತ ನೋಡೋಕೆ ವರ್ನಿಯರ್ ಕ್ಯಾಲಿಪರ್ ಹಿಡಿದೆ. ವರ್ನಿಯರ್ ಪಟ್ಟಿಯಲ್ಲಿ 20 ಭಾಗ ಇದೆ, ಆ 20 ಭಾಗ ಮೇನ್ ಸ್ಕೇಲಿನ 39 ಮಿ.ಮೀ.ಗೆ ಸಮ. ಅಂದರೆ ಒಂದು ವರ್ನಿಯರ್ ಭಾಗ 1.95. ಶಾಲೆಯ ಸೂತ್ರದ ಪ್ರಕಾರ 1 − 1.95 = −0.95 ಬರುತ್ತೆ. ಪಟ್ಟಿ ಮೇಲೆ ಮಾತ್ರ 0.05 ಅಂತ ಕೊರೆದಿದೆ.

0.05 ಅಂತಲೇ ಇಟ್ಟುಕೊಂಡು ಓದಿದೆ. ದವಡೆ ಮುಚ್ಚಿದಾಗ ವರ್ನಿಯರಿನ 1 ಕೂಡುತ್ತೆ, ಹಾಗಾಗಿ ಝೀರೋ ಎರರ್ +0.05. ಹೊಸ ಬೇರಿಂಗಿನ ಹೊರವ್ಯಾಸ ಅಳೆದರೆ 47 ದಾಟಿ 1 ಕೂಡಿತು: 47.05 − 0.05 = 47.00, ಸರಿಯಾಗಿದೆ. ಶಾಫ್ಟಿಗೆ 19 ದಾಟಿ 8 ಕೂಡಿತು: 19 + 8 × 0.05 = 19.40, ಎರರ್ ಕಳೆದರೆ 19.35. ಹಾಗಿದ್ದರೆ 0.65 ಸಂದು ಇರಬೇಕಲ್ಲ? ಬೇರಿಂಗನ್ನು ಒಂದು ಕಡೆಗೆ ಒತ್ತಿ ಹಿಡಿದು ಇನ್ನೊಂದು ಕಡೆ ಸಣ್ಣ ಶಿಮ್ ಪಟ್ಟಿ ತೂರಿಸಿ ನೋಡಿದೆ. 0.25 ಬಿಗಿಯಾಗಿ ಹೋಗುತ್ತೆ, 0.50 ಹೋಗೋದೇ ಇಲ್ಲ.

ಲೇತ್_ಬಸು

ಲೀಸ್ಟ್ ಕೌಂಟ್ 0.05 ಸರೀನೇ ಐತಿ. ಮೇನ್ ಸ್ಕೇಲಿನ ಒಂದು ಭಾಗ ಅಂದ್ರ 1 ಮಿ.ಮೀ., ಅದನ್ನ 20ರಿಂದ ಭಾಗಿಸ್ರಿ, ಮುಗೀತು. ಮೈನಸ್ ಬಂದಿದ್ದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ನೀವು ಓದಿದ್ದೂ ಸರಿ ಐತಿ, ಬೇರಿಂಗ್ ಬರೋಬ್ಬರಿ 47 ಬಂದೈತಲ್ಲ. ಶಿಮ್ ಲೆಕ್ಕ ನಂಬಬ್ಯಾಡ್ರಿ, ದುಂಡನ ಸಂದಿನ್ಯಾಗ ಚಪ್ಪಟ ಪಟ್ಟಿ ಸರಿಯಾಗಿ ಹೋಗಂಗಿಲ್ಲ. ಶಾಫ್ಟಿಗೆ ಸ್ಲೀವ್ ಹಾಕ್ರಿ.

ಮಾಪನ_ಲ್ಯಾಬ್

ಬಸು ಅವರು ಹೇಳಿದ ಭಾಗಾಕಾರ ಸರಿ. ಓದಿದ್ದು ಸರಿಯಿಲ್ಲ. ಬೇರಿಂಗ್ 47.00 ಬಂದದ್ದು ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದ್ದರಿಂದ.

ಮೊದಲು ಮೈನಸ್ ವಿಷಯ. ಒಂದು ಮೇನ್ ಭಾಗದಿಂದ ಒಂದು ವರ್ನಿಯರ್ ಭಾಗ ಕಳೆಯುವುದು, 20 ಭಾಗ 19 ಮಿ.ಮೀ.ಗೆ ಕೂರುವ ಪಟ್ಟಿಗೆ ಮಾತ್ರ. ನಿಮ್ಮದು ಹಿಗ್ಗಿಸಿದ ಪಟ್ಟಿ. ಇಲ್ಲಿ ವರ್ನಿಯರಿನ ಒಂದು ಭಾಗ ಪೈಪೋಟಿಗೆ ನಿಲ್ಲುವುದು ಮೇನ್ ಸ್ಕೇಲಿನ ಎರಡು ಭಾಗದ ಎದುರು, ಹಾಗಾಗಿ 2 − 1.95 = 0.05. ಗೆರೆಗಳ ನಡುವೆ ಜಾಗ ಜಾಸ್ತಿ ಸಿಕ್ಕಿ ಕಣ್ಣಿಗೆ ಸುಲಭವಾಗಲಿ ಅಂತಲೇ ಹೀಗೆ ಮಾಡಿರುತ್ತಾರೆ.

ಈಗ ವರ್ನಿಯರ್ ಪಟ್ಟಿಯನ್ನು ಹತ್ತಿರದಿಂದ ನೋಡಿ. 0ಯಿಂದ 10ರವರೆಗೆ ಅಂಕಿ ಇದೆ, ಭಾಗ ಮಾತ್ರ 20. ಪ್ರತಿ ಎರಡು ಅಂಕಿಯ ನಡುವೆ ಅಂಕಿಯಿಲ್ಲದ ಒಂದು ಗಿಡ್ಡ ಗೆರೆ ಕಾಣಬೇಕು. 8 ಅಂತ ಬರೆದಿರುವುದು 8ನೇ ಗೆರೆಯಲ್ಲ, ಅದು 16ನೇದು. 16 × 0.05 = 0.80. ಅಂದರೆ ಆ ಅಂಕಿ ನೇರವಾಗಿ ಮಿ.ಮೀ.ನ ಹತ್ತನೇ ಒಂದರ ಲೆಕ್ಕವನ್ನೇ ಹೇಳುತ್ತದೆ, ಮತ್ತೆ ಲೀಸ್ಟ್ ಕೌಂಟಿನಿಂದ ಗುಣಿಸಬಾರದು. ಗಿಡ್ಡ ಗೆರೆ ಕೂಡಿದರೆ ಹಿಂದಿನ ಅಂಕಿಗೆ 0.05 ಸೇರಿಸಿ.

ನಿಮ್ಮ ಝೀರೋ ಎರರ್ ಕೂಡ +0.05 ಅಲ್ಲ, +0.10. ಬೇರಿಂಗ್ ಓದು 47.10, ಅದರಲ್ಲಿ 0.10 ಕಳೆದರೆ 47.00. ಎರಡು ಕಡೆಯೂ ಅದೇ 1ನ್ನು ಅರ್ಧ ಮಾಡಿ ಓದಿದ್ದೀರಿ, ಕಳೆದಾಗ ತಪ್ಪು ಮಾಯವಾಯಿತು. ಶಾಫ್ಟಿನಲ್ಲಿ 8 ಇದ್ದಿದ್ದರಿಂದ ಸಿಕ್ಕಿಬಿತ್ತು: 19.80 − 0.10 = 19.70. ಸಂದು 0.30. ನಿಮ್ಮ ಶಿಮ್ ಸುಳ್ಳು ಹೇಳಿಲ್ಲ.

ಡಿಪ್ಲೊಮಾ_ಹುಡುಗ

ಮೇಡಂ, ಬೆವೆಲ್ ಪ್ರೊಟ್ರ್ಯಾಕ್ಟರಿನಲ್ಲೂ ಇದೇ ಲೆಕ್ಕವಾ? 12 ಭಾಗ 23 ಡಿಗ್ರಿಗೆ ಕೂರುತ್ತೆ. ನಮ್ಮ ರೆಕಾರ್ಡಿನಲ್ಲಿ ಲೀಸ್ಟ್ ಕೌಂಟ್ 5 ನಿಮಿಷ ಅಂತ ಇದೆ, ಆದರೆ ಕಳೆದರೆ ಬರ್ತಿಲ್ಲ.

ಮಾಪನ_ಲ್ಯಾಬ್

ಅದೇ ಲೆಕ್ಕ. ಒಂದು ವರ್ನಿಯರ್ ಭಾಗ 1 ಡಿಗ್ರಿ 55 ನಿಮಿಷ. 2 ಡಿಗ್ರಿಯಿಂದ ಕಳೆದರೆ 5 ನಿಮಿಷ. ಭಾಗಿಸಿ ನೋಡಿದರೂ 60 ÷ 12 = 5.

ಸೆಲ್_ಕಿರಿಕಿರಿ

ನನ್ನದೂ ಹೀಗೇ, ದವಡೆ ಮುಚ್ಚಿದರೂ ಅಂಕಿ ಸೊನ್ನೆಗೆ ನಿಲ್ಲಲ್ಲ, ಒಂದೊಂದು ಸಲ ಮಿನುಗುತ್ತೆ. LR44 ಹಾಕಿದೀನಿ. ಲೀಸ್ಟ್ ಕೌಂಟ್ ಬದಲಾಗಿರಬಹುದಾ?

ಲೇತ್_ಬಸು

ಅಣ್ಣಾ, ನಿಮ್ಮದು ಡಿಜಿಟಲ್, ಇಲ್ಲಿ ಮಾತು ಗೆರಿದ್ದು. ಮಿನುಗಿದ್ರ ಸೆಲ್ ಇಳಿದೈತಿ. ಅಳತಿ ಅಷ್ಟೇ ಇರೋ SR44 ಹಾಕಿ ನೋಡ್ರಿ, ಅದರ ವೋಲ್ಟೇಜ್ ಕಡೀತನಕ ಹೆಚ್ಚು ಕಡಿಮಿ ಒಂದೇ ಸಮ ನಿಲ್ತದ.

ಪಂಪ್‌ಸೆಟ್_ರಿಪೇರಿ

ಗಿಡ್ಡ ಗೆರೆಗಳು ಇವೆ ಮೇಡಂ, ನಾನು ಅವನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಈಗ ಮತ್ತೆ ಅಳೆದೆ: ಎರರ್ ಕಳೆದು ಒಂದು ಕಡೆ 19.70, ಶಾಫ್ಟನ್ನು ಕಾಲು ಸುತ್ತು ತಿರುಗಿಸಿದರೆ 19.75. ಆದರೆ 19.75 ಓದುವಾಗ ಪಕ್ಕಪಕ್ಕದ ಎರಡು ಗೆರೆಗಳು ಒಟ್ಟಿಗೇ ಕೂಡಿದ ಹಾಗೆ ಕಾಣುತ್ತವೆ. ಮತ್ತೆ ಆ +0.10 ಎಲ್ಲಿಂದ ಬಂತು? ದವಡೆ ಸವೆದಿದೆಯಾ?

ಮಾಪನ_ಲ್ಯಾಬ್

ದವಡೆ ಸವೆದರೆ ಎರರ್ ಮೈನಸ್ ಕಡೆಗೆ ಹೋಗುತ್ತದೆ, ಏಕೆಂದರೆ ಜಾರುವ ದವಡೆ ಇನ್ನೂ ಒಳಕ್ಕೆ ಬರುತ್ತದೆ, ವರ್ನಿಯರ್ ಸೊನ್ನೆ ಮೇನ್ ಸೊನ್ನೆಯ ಎಡಕ್ಕೆ ದಾಟುತ್ತದೆ. ಪ್ಲಸ್ ಅಂದರೆ ಏನೋ ತಡೆಯುತ್ತಿದೆ, ಇಲ್ಲವೇ ವರ್ನಿಯರ್ ಪಟ್ಟಿಯೇ ಸರಿದಿದೆ. ದವಡೆ ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿದು ನೋಡಿ. ಒಂದೇ ಚುಕ್ಕೆಯಲ್ಲಿ ತಾಗಿ ಉಳಿದ ಕಡೆ ಬೆಳಕು ತೂರಿದರೆ ಅಲ್ಲಿ ಬರ್ ಎದ್ದಿದೆ ಅಂತ. ಆಗ ಆ 0.10 ಎಲ್ಲ ಅಳತೆಗೂ ಅನ್ವಯಿಸುವುದಿಲ್ಲ, ಆ ಚುಕ್ಕೆ ವಸ್ತುವಿಗೆ ತಾಗಿದರೆ ಮಾತ್ರ. ನಿಮ್ಮಲ್ಲಿ ಬೇರಿಂಗ್ ಕೂಡ 0.10 ಹೆಚ್ಚೇ ತೋರಿಸಿರುವುದರಿಂದ ನನ್ನ ಅನುಮಾನ ಪಟ್ಟಿಯ ಮೇಲೆ. ದವಡೆಯ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಅದೇ ಬೇರಿಂಗ್ ಹಿಡಿದು ನೋಡಿ. ಎರಡು ಕಡೆಯೂ 47.10 ಬಂದರೆ ಅನುಮಾನ ಗಟ್ಟಿ.

ಎರಡು ಗೆರೆ ಕೂಡಿದಂತೆ ಕಂಡರೆ ಬೆಲೆ ಅವುಗಳ ನಡುವೆ ಇದೆ. ಓರೆಯಾಗಿ ನೋಡದೆ ನೆಟ್ಟಗೆ ಮೇಲಿನಿಂದ ನೋಡಿ, ಕೂಡಿದೆ ಅನ್ನಿಸಿದ ಗೆರೆಯ ಅಕ್ಕಪಕ್ಕದ ಗೆರೆಗಳು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸರಿದಿವೆಯೇ ಅಂತ ಹೋಲಿಸಿ. ಆದರೂ 19.72 ಅಂತ ಊಹೆಯಲ್ಲಿ ಬರೆದುಕೊಳ್ಳಬೇಡಿ.

ಲೇತ್_ಬಸು

ಪಟ್ಟಿಗೆ ಎರಡು ಸಣ್ಣ ಸ್ಕ್ರೂ ಇರ್ತಾವ ಕೆಲವಕ್ಕ. ಸಡಿಲ ಮಾಡಿ ಸೊನ್ನಿಗೆ ಸರಿಸಿ ಬಿಗಿ ಮಾಡ್ರಿ.

ಮಾಪನ_ಲ್ಯಾಬ್

ನಾನಂತೂ ಮುಟ್ಟುವುದಿಲ್ಲ, 0.10 ಕಳೆದು ಬರೆಯುತ್ತೇನೆ. ಬಿಗಿ ಮಾಡುವಾಗ ಪಟ್ಟಿ ಕೂದಲೆಳೆಯಷ್ಟು ಓರೆಯಾದರೂ ಗೆರೆಗಳು ಮೇನ್ ಸ್ಕೇಲಿಗೆ ಸಮವಾಗಿ ಕೂರುವುದಿಲ್ಲ. ಸರಿಸಲೇಬೇಕು ಅಂದರೆ ಬಿಗಿ ಮಾಡಿದ ಮೇಲೆ ಸೊನ್ನೆ ಕೂಡಿದಾಗಲೇ ಕೊನೆಯ 10ರ ಗೆರೆಯೂ 39ರ ಮೇಲೆ ಕೂಡಿದೆಯೇ ನೋಡಿ.

ಲೇತ್_ಬಸು

ದಿನಾ ಹತ್ತು ಸಲ ಕಳೀಬೇಕಂದ್ರ ಒಂದಿನ ಮರತೇ ಮರೀತಾರ. ನಾ ಅಂತೂ ಸರಿಸ್ತೀನಿ.

ಪಂಪ್‌ಸೆಟ್_ರಿಪೇರಿ

ಬುಡ, ತುದಿ ಎರಡು ಕಡೆಯೂ 47.10 ಬಂತು. ಬೆಳಕು ಎಲ್ಲೂ ತೂರಲ್ಲ. ಸ್ಕ್ರೂ ಇವೆ, ಸದ್ಯ ಮುಟ್ಟಿಲ್ಲ. ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ 20ಕ್ಕೆ ಟರ್ನ್ ಮಾಡಿಸಿದರೆ ಇದರಲ್ಲೇ ಅಳೆದು ಬೇರಿಂಗ್ ಹೊಡೆಯಬಹುದಾ?

ಮಾಪನ_ಲ್ಯಾಬ್

ಸವೆತ ಎಷ್ಟಿದೆ ಅಂತ ತಿಳಿಯಲು ಇದು ಸಾಕು, ಕೂರುವ ಜಾಗ ಒಪ್ಪಲು ಸಾಲದು. 20ರ ಶಾಫ್ಟಿಗೆ k5 ಬಿಗಿತ ಬೇಕೆಂದರೆ 20.002ರಿಂದ 20.011ರ ಒಳಗೆ ಇರಬೇಕು. ಆ ಇಡೀ ಅಂತರ 0.009, ನಿಮ್ಮ ವರ್ನಿಯರಿನ ಒಂದು ಹೆಜ್ಜೆ 0.05. ಶಾಫ್ಟ್ 19.98 ಇದ್ದರೂ ಇದು 20.00 ಅಂತಲೇ ತೋರಿಸೀತು. ಪಿಚ್ 0.5, ಥಿಂಬಲ್ ಮೇಲೆ 50 ಭಾಗ ಇರುವ ಸಾಮಾನ್ಯ ಮೈಕ್ರೋಮೀಟರಿನ ಲೀಸ್ಟ್ ಕೌಂಟ್ 0.01, ಅದೂ ಇಲ್ಲಿ ಅಂಚಿಗೆ ಬಂತು. ಟರ್ನ್ ಮಾಡಿಕೊಡುವವರ ಹತ್ತಿರ 0.001ರ ಮೈಕ್ರೋಮೀಟರ್ ಇದೆಯೇ ಅಂತ ಮೊದಲು ಕೇಳಿ. ವೆಲ್ಡಿಂಗ್ ಬೇಕೋ ಸ್ಲೀವ್ ಬೇಕೋ ಅನ್ನುವುದು ಬಸು ಅವರ ಕ್ಷೇತ್ರ.

ಲೇತ್_ಬಸು

ಕೀವೇ ಎಷ್ಟು ಹತ್ರ ಐತಿ, ಒಂದು ಫೋಟೊ ಹಾಕ್ರಿ. ಅದನ್ನ ನೋಡದ ಹೇಳಾಕ ಆಗಂಗಿಲ್ಲ.